ಗುರುವಾರ ಮಧ್ಯಾಹ್ನ ಮೂರೂವರೆ

2024ರ ನವೆಂಬರ್‌ವರೆಗೆ ನಮ್ಮ ಷೇರುಪೇಟೆಯಲ್ಲಿ ವಾರದ ಐದೂ ದಿನ ಎಕ್ಸ್‌ಪೈರಿ ಇರುತ್ತಿತ್ತು. ಸೋಮವಾರ ಮಿಡ್‌ಕ್ಯಾಪ್ ನಿಫ್ಟಿ, ಮಂಗಳವಾರ ಫಿನ್‌ನಿಫ್ಟಿ, ಬುಧವಾರ ಬ್ಯಾಂಕ್ ನಿಫ್ಟಿ, ಗುರುವಾರ ನಿಫ್ಟಿ, ಶುಕ್ರವಾರ ಸೆನ್ಸೆಕ್ಸ್. ಆಪ್ಷನ್ ಎಂಬ ಒಪ್ಪಂದದ ಆಯುಷ್ಯ ಮುಗಿಯುವ ದಿನವೇ ಎಕ್ಸ್‌ಪೈರಿ. ಮುಗಿಯುವ ದಿನ ಹತ್ತಿರವಾದಷ್ಟೂ ಅದರ ಬೆಲೆ ಕಡಿಮೆ. ಬೆಳಿಗ್ಗೆ ನೂರು ರೂಪಾಯಿ ಇದ್ದದ್ದು ಮಧ್ಯಾಹ್ನ ಹತ್ತಕ್ಕೆ ಸಿಗುತ್ತದೆ, ಹತ್ತಕ್ಕೆ ಕೊಂಡದ್ದು ಅರ್ಧ ಗಂಟೆಯಲ್ಲಿ ಐವತ್ತೂ ಆಗಬಹುದು, ಸೊನ್ನೆಯೂ ಆಗಬಹುದು. ಹುಡುಗರು ಇದನ್ನು ‘ಹೀರೋ ಜೀರೋ’ ಎಂದು ಕರೆಯುತ್ತಾರೆ.

ಈ ಕಥೆಯ ಹುಡುಗ ಹೊಳಲ್ಕೆರೆ ತಾಲ್ಲೂಕಿನ ಅಡಿಕೆ ತೋಟದ ಮನೆಯವನು. ಚಿತ್ರದುರ್ಗದಲ್ಲಿ ಓದಿ, ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸಕ್ಕೆ ಸೇರಿ ನಾಲ್ಕನೆಯ ವರ್ಷ. ಅವನು ಕಥೆಗಾಗಿ ಕಟ್ಟಿದವನು, ಅವನಿಗೆ ಹೆಸರಿಟ್ಟಿಲ್ಲ. ಸೂಚ್ಯಂಕದ ಅಂಕಿಗಳನ್ನೂ ಲೆಕ್ಕ ಸುಲಭವಾಗಲೆಂದು ದುಂಡಗೆ ಮಾಡಿಕೊಂಡಿದ್ದೇನೆ. ಆದರೆ ಅವನು ಆಡಿದ ಆಟದ ನಿಯಮಗಳು ನಿಜ. ಅವನು ಸೋತ ಬಗೆಯಲ್ಲೇ ನಮ್ಮ ಕಡೆಯ ಎಷ್ಟೋ ಹುಡುಗರು ಸೋಲುತ್ತಿದ್ದಾರೆ ಎಂಬ ಕಾರಣಕ್ಕೇ ಇದನ್ನು ಬರೆಯುತ್ತಿದ್ದೇನೆ.

ಅವನ ಮೊದಲ ಗೆಲುವು ಹೀಗಿತ್ತು. ಒಂದು ಗುರುವಾರ ಮಧ್ಯಾಹ್ನ ಒಂದೂವರೆಗೆ ನಿಫ್ಟಿ 24,430ರಲ್ಲಿ ಇತ್ತು. ಅವನು 24,500ರ ಕಾಲ್ ಆಪ್ಷನ್ ಕೊಂಡ. ನಿಫ್ಟಿ 24,500 ದಾಟಿ ಮುಗಿದರೆ, ದಾಟಿದ ಪ್ರತಿ ಅಂಶಕ್ಕೂ ಒಂದು ರೂಪಾಯಿ ಸಿಗುತ್ತದೆ. ದಾಟದಿದ್ದರೆ ಏನೂ ಇಲ್ಲ. ಆ ಒಪ್ಪಂದ ಆಗ 14 ರೂಪಾಯಿಗೆ ಸಿಗುತ್ತಿತ್ತು. ಆಗಿನ ಲಾಟ್‌ನಲ್ಲಿ 25 ಘಟಕಗಳು. 24 ಲಾಟ್, ಅಂದರೆ 600 ಘಟಕ ಕೊಂಡ. ಖರ್ಚು 8,400 ರೂಪಾಯಿ. ಮೂರಕ್ಕೆ ಹತ್ತು ನಿಮಿಷ ಇರುವಾಗ ನಿಫ್ಟಿ 24,545 ಮುಟ್ಟಿತು. 50 ರೂಪಾಯಿಯಂತೆ ಮಾರಿದ. ಆಫೀಸಿನ ಮೀಟಿಂಗ್ ಒಂದು ಮುಗಿಯುವಷ್ಟರಲ್ಲಿ 21,600 ರೂಪಾಯಿ ಲಾಭ.

ಆ ಸಂಜೆ ಅವನು ಮನಸ್ಸಿನಲ್ಲಿ ಬರೆದುಕೊಂಡದ್ದು ಒಂದೇ ಮಾತು: ‘ಮಾರ್ಕೆಟ್ ಮೇಲೆ ಹೋಗುತ್ತೆ ಅಂತ ನನಗೆ ಗೊತ್ತಿತ್ತು.’ ಮುಂದಿನ ತಿಂಗಳುಗಳ ನಷ್ಟವೆಲ್ಲ ಈ ಒಂದು ಸಾಲಿನಿಂದ ಹುಟ್ಟಿತು. ನಿಫ್ಟಿ ಏರುತ್ತದೆಯೇ ಇಳಿಯುತ್ತದೆಯೇ ಎಂದು ಅವನು ದಿನವೂ ತಲೆ ಕೆಡಿಸಿಕೊಂಡ. ಕ್ಯಾಂಡಲ್ ನೋಡಿದ, ಓಪನ್ ಇಂಟರೆಸ್ಟ್ ನೋಡಿದ, ಟೆಲಿಗ್ರಾಂ ಗುಂಪಿನವರ ಮಾತು ಕೇಳಿದ. ಆದರೆ ತಾನು ಕೊಟ್ಟ 14 ರೂಪಾಯಿ ಹೆಚ್ಚಾಯಿತೇ ಕಡಿಮೆಯಾಯಿತೇ ಎಂದು ಒಮ್ಮೆಯೂ ಕೇಳಿಕೊಳ್ಳಲಿಲ್ಲ.

ಆಪ್ಷನ್ ಕೊಳ್ಳುವವನು ದಿಕ್ಕಿನ ಜೊತೆಗೆ ಸಮಯವನ್ನೂ ಕೊಳ್ಳುತ್ತಾನೆ. ಎಕ್ಸ್‌ಪೈರಿಯ ಬೆಳಿಗ್ಗೆ, ನಿಫ್ಟಿ ಎಲ್ಲಿದೆಯೋ ಅದೇ ಅಂಶದ ಆಪ್ಷನ್‌ಗೆ, ಪೇಟೆ ತಣ್ಣಗಿರುವ ದಿನಗಳಲ್ಲಿ, ಸುಮಾರು 75 ರೂಪಾಯಿ ಬೆಲೆ ಎಂದುಕೊಳ್ಳಿ. ನಿಫ್ಟಿ ಒಂದಂಗುಲವೂ ಅಲುಗದೆ ನಿಂತರೂ ಒಂದೂವರೆ ಗಂಟೆಗೆ ಅದು 40 ಆಗಿರುತ್ತದೆ, ಮೂರಕ್ಕೆ 12ರ ಹತ್ತಿರ ಬಂದಿರುತ್ತದೆ, ಮೂರೂವರೆಗೆ ಸೊನ್ನೆ. ಇಳಿತ ಒಂದೇ ವೇಗದಲ್ಲಿ ಆಗುವುದಿಲ್ಲ. ಮೊದಲ ನಾಲ್ಕು ಗಂಟೆಯಲ್ಲಿ 35 ರೂಪಾಯಿ ಹೋದರೆ, ಮುಂದಿನ ಒಂದೂವರೆ ಗಂಟೆಯಲ್ಲೇ ಇನ್ನೊಂದು 28 ಹೋಗುತ್ತದೆ. ಮಧ್ಯಾಹ್ನದ ಮೇಲೆ ಕೊಂಡವನಿಗೆ ದಿಕ್ಕು ಸರಿಯಾದರೆ ಸಾಲದು, ಅದು ಬೇಗ ಸರಿಯಾಗಬೇಕು. ‘ಮೇಲೆ ಹೋಗುತ್ತೆ ಅಂದಿದ್ದೆ, ಹೋಯ್ತು, ಆದ್ರೂ ದುಡ್ಡು ಹೋಯ್ತು’ ಎಂದು ಹುಡುಗರು ಗೊಣಗುವುದು ಇದೇ ಕಾರಣಕ್ಕೆ.

ಇನ್ನೊಂದು ಸಂಗತಿ ಯಾರ ಕಣ್ಣಿಗೂ ಬೀಳದಷ್ಟು ಸಣ್ಣದು. ಎರಡು ಸಾವಿರ ರೂಪಾಯಿಯ ಪಂದ್ಯಕ್ಕೆ ಕೊಳ್ಳುವಾಗ 20, ಮಾರುವಾಗ 20 ರೂಪಾಯಿ ದಲ್ಲಾಳಿ ಶುಲ್ಕ, ಅದರ ಮೇಲೆ ಶೇ 18ರ ಜಿಎಸ್‌ಟಿ. 47 ರೂಪಾಯಿ, ಅಂದರೆ ಹಾಕಿದ ದುಡ್ಡಿನ ಶೇ 2ಕ್ಕೂ ಹೆಚ್ಚು, ಆಟ ಶುರುವಾಗುವ ಮುಂಚೆಯೇ ಹೋಯಿತು. ಬೆಲೆ ಒಂದು ರೂಪಾಯಿಗೆ ಇಳಿದಾಗ ಪೇಟೆಯ ಅತಿ ಸಣ್ಣ ಮೆಟ್ಟಿಲಾದ ಐದು ಪೈಸೆಯೇ ಶೇ 5. ಕೊಳ್ಳುವ ಬೆಲೆಗೂ ಮಾರುವ ಬೆಲೆಗೂ ಒಂದು ಮೆಟ್ಟಿಲು ವ್ಯತ್ಯಾಸ ಇದ್ದೇ ಇರುತ್ತದೆ. ಅಗ್ಗವೆಂದು ಕಾಣುವ ಆಪ್ಷನ್‌ನಲ್ಲೇ ಖರ್ಚಿನ ಪಾಲು ಹೆಚ್ಚು.

ಆ ಮಳೆಗಾಲದಲ್ಲಿ ತೋಟದ ಬೋರ್‌ವೆಲ್ ಕೈಕೊಟ್ಟಿತು. ಹೊಸದೊಂದು ಕೊರೆಸಬೇಕು. ಹೊಸದುರ್ಗದ ಕಡೆಯ ಸೋದರಮಾವ ಅಡಿಕೆ ಖೇಣಿ ಹಿಡಿಯುವವರು. ಕೊಯ್ಲಿಗೆ ಮುಂಚೆಯೇ ತೋಟದ ಫಸಲಿಗೆ ಬೆಲೆ ಕಟ್ಟಿ, ಮುಂಗಡ ಕೊಟ್ಟು, ಕೊಯ್ಲು, ಸುಲಿಯುವುದು, ಬೇಯಿಸುವುದು, ಒಣಗಿಸುವುದು, ಮಾರುವುದು ಎಲ್ಲವನ್ನೂ ತಮ್ಮ ಮೇಲೆ ಹಾಕಿಕೊಳ್ಳುವ ವ್ಯವಹಾರ ಅದು. ಅಕ್ಕನ ತೋಟದ ಖೇಣಿಯ ಮುಂಗಡ ಎರಡು ಲಕ್ಷ ರೂಪಾಯಿಯನ್ನು ಅವರು ಹುಡುಗನ ಖಾತೆಗೆ ಹಾಕಿದರು. ಬೋರ್‌ವೆಲ್ ಲಾರಿಯವರ ಜೊತೆ ಮಾತಾಡಿ ದುಡ್ಡು ಕಟ್ಟುವುದು ಅವನ ಜವಾಬ್ದಾರಿ. ಲಾರಿ ಬರುವುದು ಸೋಮವಾರ. ನಡುವೆ ಒಂದು ಗುರುವಾರ ಇತ್ತು.

ಬೆಳಿಗ್ಗೆ 25,000 ರೂಪಾಯಿಗೆ ಕಾಲ್ ಕೊಂಡ. ನಿಫ್ಟಿ ಇಳಿಯಿತು. ಹೋದದ್ದನ್ನು ವಾಪಸ್ ತರಬೇಕೆಂದು, ನಿಫ್ಟಿ ಇಳಿದರೆ ದುಡ್ಡು ಕೊಡುವ ಪುಟ್ ಆಪ್ಷನ್ ಅನ್ನು 45,000 ರೂಪಾಯಿಗೆ ಕೊಂಡ. ನಿಫ್ಟಿ ತಿರುಗಿ ಏರಿತು. ಎರಡೂ ಸೇರಿ ಬರಲೆಂದು 70,000 ರೂಪಾಯಿಗೆ ಮತ್ತೆ ಕಾಲ್. ನಿಫ್ಟಿ ನಿಂತಲ್ಲೇ ನಿಂತಿತು, ಬೆಲೆ ಕರಗಿತು. ಮೂರು ಗಂಟೆಯ ಹೊತ್ತಿಗೆ 1,40,000 ಖಾಲಿ. ಪ್ರತಿ ಪಂದ್ಯದ ಗಾತ್ರವನ್ನೂ ಹಿಂದಿನ ನಷ್ಟವೇ ನಿರ್ಧರಿಸಿತ್ತು ಎಂಬುದನ್ನು ಗಮನಿಸಿ. ಪೇಟೆಯಲ್ಲಿ ಏನಾಗುತ್ತಿದೆ ಎಂಬುದಕ್ಕೂ 45,000 ಎಂಬ ಅಂಕಿಗೂ ಯಾವ ಸಂಬಂಧವೂ ಇರಲಿಲ್ಲ.

ಆಮೇಲೆ ನಡೆದದ್ದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ಮೂರರಿಂದ ಮೂರು ಇಪ್ಪತ್ತರವರೆಗೆ ನಿಫ್ಟಿ 24,480ರ ಆಸುಪಾಸಿನಲ್ಲೇ ಇತ್ತು. ಇದ್ದಕ್ಕಿದ್ದಂತೆ ಜಿಗಿದು 24,530ಕ್ಕೆ ಬಂತು. 24,500ರ ಕಾಲ್‌ನ ಬೆಲೆ ನೋಡಿದ. ನಾಲ್ಕು ರೂಪಾಯಿ! ನಿಫ್ಟಿ ಮೂವತ್ತು ಅಂಶ ಮೇಲಿದೆ, ಹಾಗಾದರೆ ಅದು ಮೂವತ್ತು ರೂಪಾಯಿ ಬಾಳಬೇಕು. ಸಾಫ್ಟ್‌ವೇರ್‌ನವನ ಕಣ್ಣಿಗೆ ಅದು ಬಗ್‌ನಂತೆ ಕಂಡಿತು. ಪೇಟೆ ತಪ್ಪು ಮಾಡಿದೆ, ತಾನು ಹಿಡಿದಿದ್ದೇನೆ ಎಂದುಕೊಂಡ. ಉಳಿದ 60,000ಕ್ಕೆ 15,000 ಘಟಕ. ಒಂದು ಆರ್ಡರ್‌ಗೆ 1,800 ಘಟಕಗಳ ಮಿತಿ ಇದ್ದದ್ದರಿಂದ ಒಂಬತ್ತು ಆರ್ಡರ್ ಹಾಕಿ ಕೊಂಡ. ನಾಲ್ಕೂವರೆ ಲಕ್ಷ ಬರುತ್ತದೆ ಎಂದು ಲೆಕ್ಕ ಹಾಕಿದ.

ಮೂರೂವರೆಗೆ ಪರದೆಯ ಮೇಲೆ ನಿಫ್ಟಿ 24,530ರಲ್ಲೇ ಇತ್ತು. ಸ್ವಲ್ಪ ಹೊತ್ತಿನ ಮೇಲೆ ಅದು ತಾನಾಗಿ 24,497 ಎಂದು ಬದಲಾಯಿತು. ಆಪ್ಷನ್‌ಗೆ ಸಿಕ್ಕಿದ್ದು ಸೊನ್ನೆ.

ಮೋಸ ಆಗಿರಲಿಲ್ಲ. ನಿಫ್ಟಿಯ ಮುಕ್ತಾಯದ ಅಂಕಿ ಕೊನೆಯ ಕ್ಷಣದ ಅಂಕಿಯಲ್ಲ. ಸೂಚ್ಯಂಕದಲ್ಲಿರುವ ಷೇರುಗಳ ಕೊನೆಯ ಅರ್ಧ ಗಂಟೆಯ, ಅಂದರೆ ಮೂರರಿಂದ ಮೂರೂವರೆವರೆಗಿನ ವಹಿವಾಟಿನ ಸರಾಸರಿಯಿಂದ ಅದನ್ನು ಕಟ್ಟುತ್ತಾರೆ. ಆಪ್ಷನ್ ಇತ್ಯರ್ಥವಾಗುವುದು ಆ ಅಂಕಿಯ ಮೇಲೆ. ವಹಿವಾಟು ಸಮನಾಗಿ ಹಂಚಿಹೋಗಿದೆ ಎಂದು ಹಿಡಿದರೆ, ಇಪ್ಪತ್ತು ನಿಮಿಷ 24,480, ಹತ್ತು ನಿಮಿಷ 24,530. ಸರಾಸರಿ 24,497ಕ್ಕೂ ಒಂದು ಕೂದಲೆಳೆ ಕಡಿಮೆ. ಸರಾಸರಿ 24,500 ಮುಟ್ಟಬೇಕಿದ್ದರೂ ಕೊನೆಯ ಹತ್ತು ನಿಮಿಷ ನಿಫ್ಟಿ 24,540ರ ಮೇಲೇ ಇರಬೇಕಿತ್ತು. ನಾಲ್ಕು ರೂಪಾಯಿಗೆ ಮಾರುತ್ತಿದ್ದವರಿಗೆ ಈ ಲೆಕ್ಕ ಗೊತ್ತಿತ್ತು. ಅವರಿಗೆ ನಾಲ್ಕು ರೂಪಾಯಿಯೇ ಒಳ್ಳೆಯ ಬೆಲೆ.

ಆ ಮಾರುವವರು ಯಾರು? ಷೇರುಪೇಟೆಯ ನಿಯಂತ್ರಕ ಸೆಬಿ 2024ರ ಸೆಪ್ಟೆಂಬರ್‌ನಲ್ಲಿ ಹೊರತಂದ ಅಧ್ಯಯನ ಇದಕ್ಕೆ ಉತ್ತರ ಕೊಡುತ್ತದೆ. 2021-22ರಿಂದ ಮೂರು ವರ್ಷ ಫ್ಯೂಚರ್ಸ್ ಮತ್ತು ಆಪ್ಷನ್ಸ್‌ನಲ್ಲಿ ವಹಿವಾಟು ಮಾಡಿದ ಒಂದು ಕೋಟಿಗೂ ಹೆಚ್ಚು ವ್ಯಕ್ತಿಗಳಲ್ಲಿ ಶೇ 93 ಮಂದಿ ನಷ್ಟ ಅನುಭವಿಸಿದ್ದರು. ಅವರೆಲ್ಲರ ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿಗೂ ಮೇಲೆ. ಖರ್ಚು ಕಳೆದು ಒಂದು ಲಕ್ಷಕ್ಕಿಂತ ಹೆಚ್ಚು ಲಾಭ ಮಾಡಿದವರು ನೂರಕ್ಕೆ ಒಬ್ಬರು. ಎದುರು ಕಡೆ ಲಾಭ ಮಾಡಿದವರು ಸ್ವಂತ ಬಂಡವಾಳದ ದೊಡ್ಡ ಸಂಸ್ಥೆಗಳು ಮತ್ತು ವಿದೇಶಿ ಹೂಡಿಕೆದಾರರು. 2023-24ರಲ್ಲಿ ಅವರ ಲಾಭದ ಬಹುಪಾಲು, ನೂರಕ್ಕೆ 96-97ರಷ್ಟು, ಕಂಪ್ಯೂಟರ್ ತಾನೇ ಆರ್ಡರ್ ಹಾಕುವ ಅಲ್ಗೊ ವಹಿವಾಟಿನಿಂದ ಬಂದಿತ್ತು. ಕೊನೆಯ ಅರ್ಧ ಗಂಟೆಯ ಸರಾಸರಿಯನ್ನು ಆ ಕಂಪ್ಯೂಟರುಗಳು ಕ್ಷಣಕ್ಷಣವೂ ಕಟ್ಟುತ್ತಿರುತ್ತವೆ. ನಮ್ಮ ಹುಡುಗ ಮೊಬೈಲ್ ಹಿಡಿದು ಕೂತಿದ್ದ.

ಶುಕ್ರವಾರ ರಾತ್ರಿ ಬಸ್ಸು ಹತ್ತಿ ಊರಿಗೆ ಬಂದ. ಅಪ್ಪನಿಗೆ ಹೇಳಲು ಬಾಯಿ ಬರಲಿಲ್ಲ. ಶನಿವಾರ ಮಾವ ತೋಟ ನೋಡಲು ಬಂದಾಗ ಅವರ ಮುಂದೆ ಎಲ್ಲ ಹೇಳಿಬಿಟ್ಟ. ಮಾವ ಬಹಳ ಹೊತ್ತು ಮಾತಾಡಲಿಲ್ಲ. ತಲೆಯೆತ್ತಿ ಅಡಿಕೆ ಗೊನೆಗಳನ್ನು ಎಣಿಸುತ್ತಾ ನಾಲ್ಕು ಸಾಲು ದಾಟಿದ ಮೇಲೆ ಕೇಳಿದರು:

‘ನಾಕು ರೂಪಾಯಿ ಕೊಟ್ಟೆ ಅಂದ್ಯಲ್ಲಪ್ಪ, ಅದು ಜಾಸ್ತಿನೋ ಕಮ್ಮಿನೋ ಅಂತ ನಿಂಗೆ ಹೆಂಗೆ ಗೊತ್ತಾತು?’

‘ಕಮ್ಮಿ ಅನ್ನುಸ್ತು ಮಾವ.’

‘ಅನ್ನುಸ್ತು ಅಂತ ನಾನು ಖೇಣಿ ಹಿಡಿದಿದ್ರೆ ಇಷ್ಟೊತ್ತಿಗೆ ಮನೆ ಮಾರ್ಕೊಂಡು ಹೋಗ್ಬೇಕಿತ್ತು ಕಣಪ್ಪ.’

ಖೇಣಿಯೂ ಒಂದು ಬಗೆಯ ಮುಂಗಡ ಪಂದ್ಯವೇ. ಆದರೆ ಮಾವ ಬೆಲೆ ಕಟ್ಟುವ ಕ್ರಮ ಬೇರೆ. ತೋಟದ ಒಂದೊಂದು ಸಾಲಿನಲ್ಲೂ ನಡೆಯುತ್ತಾರೆ, ಮರಕ್ಕೆ ಎಷ್ಟು ಗೊನೆ, ಗೊನೆಗೆ ಎಷ್ಟು ಕಾಯಿ, ಎಷ್ಟು ಉದುರೀತು ಎಂದು ಅಂದಾಜು ಮಾಡುತ್ತಾರೆ. ಒಂದು ಕ್ವಿಂಟಲ್ ಹಸಿ ಅಡಿಕೆ ಸುಲಿದು ಬೇಯಿಸಿ ಒಣಗಿಸಿದರೆ ಸಿಗುವುದು ಹನ್ನೆರಡು ಹದಿಮೂರು ಕಿಲೋ. ರಾಶಿ ಅಡಿಕೆಗೆ ಆಗ ಕ್ವಿಂಟಲ್‌ಗೆ ಐವತ್ತು ಸಾವಿರದ ಆಸುಪಾಸಿನ ಧಾರಣೆ. ಕೊಯ್ಲಿನ ಕೂಲಿ, ಸುಲಿಯುವ ಕೂಲಿ, ಸೌದೆ ಎಲ್ಲ ಕಳೆದು, ಧಾರಣೆ ಕುಸಿದರೂ ತಡೆದುಕೊಳ್ಳುವಷ್ಟು ಅಂತರ ಬಿಟ್ಟು ಬೆಲೆ ಹೇಳುತ್ತಾರೆ. ಒಪ್ಪದಿದ್ದರೆ ಎದ್ದು ಬರುತ್ತಾರೆ. ವರ್ಷಕ್ಕೆ ಎಂಟು ಹತ್ತು ತೋಟ ಹಿಡಿದರೂ ಯಾವ ಒಂದು ತೋಟ ಪೂರ್ತಿ ಕೈಕೊಟ್ಟರೂ ಉಳಿದವು ಎತ್ತಬೇಕು ಎಂಬುದು ಅವರ ಲೆಕ್ಕ. ‘ಕೊಡೋಕೆ ಮುಂಚೆನೇ ಎಷ್ಟು ಹೋದ್ರೆ ತಡ್ಕೊಂತೀನಿ ಅಂತ ಬರ್ಕೊಂಡಿರ್ಬೇಕು. ಹೋದ್ಮೇಲೆ ಬರ್ಕೊಂಡ್ರೆ ಅದು ಸಾಲದ ಪುಸ್ತಕ’ ಎಂದರು.

ಖೇಣಿಗೂ ಎಕ್ಸ್‌ಪೈರಿಗೂ ಇರುವ ವ್ಯತ್ಯಾಸ ನನಗೆ ಮುಖ್ಯವಾಗಿ ಕಾಣುತ್ತದೆ. ಖೇಣಿದಾರನಿಗೆ ತೋಟದ ಬಗ್ಗೆ ಎದುರಿನವನಷ್ಟೇ, ಕೆಲವೊಮ್ಮೆ ಅವನಿಗಿಂತ ಹೆಚ್ಚು ಗೊತ್ತಿರುತ್ತದೆ. ಗುರುವಾರ ಮೂರು ಇಪ್ಪತ್ತರಲ್ಲಿ ಹುಡುಗನಿಗೆ ಎದುರಿನವನಿಗಿಂತ ಹೆಚ್ಚು ಗೊತ್ತಿದ್ದದ್ದು ಏನು? ಏನೂ ಇಲ್ಲ.

ಬೋರ್‌ವೆಲ್ ಲಾರಿಗೆ ಮಾವನೇ ಮತ್ತೆ ದುಡ್ಡು ಹೊಂದಿಸಿದರು. ಸಂಬಳದಲ್ಲಿ ತಿಂಗಳಿಗೆ ಇಷ್ಟೆಂದು ತೀರಿಸಬೇಕು, ಮನೆಯಲ್ಲಿ ಎಲ್ಲರಿಗೂ ವಿಷಯ ಗೊತ್ತಿರಬೇಕು ಎಂಬ ಎರಡು ಷರತ್ತು ಹಾಕಿದರು. ಅಪ್ಪ ಎರಡು ವಾರ ಮಗನ ಜೊತೆ ಸರಿಯಾಗಿ ಮಾತಾಡಲಿಲ್ಲ. ಅದೂ ನ್ಯಾಯವೇ.

ಹುಡುಗ ಮೊದಲು ಮಾಡಿದ್ದು ದಲ್ಲಾಳಿ ಸಂಸ್ಥೆಯ ಖಾತೆಯಲ್ಲಿ ಫ್ಯೂಚರ್ಸ್ ಮತ್ತು ಆಪ್ಷನ್ಸ್ ವಿಭಾಗವನ್ನೇ ನಿಷ್ಕ್ರಿಯಗೊಳಿಸಿದ್ದು. ಆ್ಯಪ್ ಅಳಿಸಿಹಾಕಿದರೆ ಸಾಲದು, ಎರಡು ನಿಮಿಷದಲ್ಲಿ ಮತ್ತೆ ಹಾಕಿಕೊಳ್ಳಬಹುದು. ವಿಭಾಗ ಮುಚ್ಚಿದರೆ ಮತ್ತೆ ತೆರೆಯಲು ಅರ್ಜಿ ಕೊಟ್ಟು ಕಾಯಬೇಕು. ಮನಸ್ಸು ತಣ್ಣಗಾಗಲು ಆ ಕಾಯುವ ಹೊತ್ತೇ ಬೇಕಾಗಿರುವುದು.

ಆಮೇಲೆ ತನ್ನ ಎಲ್ಲ ವಹಿವಾಟಿನ ಟ್ರೇಡ್‌ಬುಕ್ ಇಳಿಸಿಕೊಂಡು ಲೆಕ್ಕಕ್ಕೆ ಕೂತ. ಇದು ಅವನಿಗೆ ಬರುವ ಕೆಲಸ. ಎಕ್ಸ್‌ಪೈರಿ ದಿನದ 120 ಪಂದ್ಯಗಳು ಸಿಕ್ಕವು. ಗೆದ್ದದ್ದು 21, ಸೋತದ್ದು 99. ಗೆದ್ದಾಗ ನೂರು ರೂಪಾಯಿಗೆ ಸರಾಸರಿ 240 ರೂಪಾಯಿ ಲಾಭ ಬಂದಿತ್ತು, ಸೋತಾಗ ನೂರಕ್ಕೆ 80 ಹೋಗಿತ್ತು. ಪ್ರತಿ ಪಂದ್ಯಕ್ಕೂ ನೂರೇ ರೂಪಾಯಿ ಹಾಕಿದ್ದರೆ ಬಂದದ್ದು 5,040, ಹೋದದ್ದು 7,920. ಇಂಥ ಗೆಲುವು ಸೋಲಿನ ಪ್ರಮಾಣದಲ್ಲಿ ಅಸಲು ಉಳಿಯಬೇಕಿದ್ದರೆ ನಾಲ್ಕರಲ್ಲಿ ಒಂದು ಗೆಲ್ಲಬೇಕು, ಅಂದರೆ 120ರಲ್ಲಿ 30. ಅವನು ಗೆದ್ದದ್ದು ಆರರಲ್ಲಿ ಒಂದಕ್ಕಿಂತ ಸ್ವಲ್ಪ ಹೆಚ್ಚು. ನೆನಪಿನಲ್ಲಿ ಮಾತ್ರ ಅವನು ಅರ್ಧಕ್ಕರ್ಧ ಗೆದ್ದಿದ್ದ. ಗೆದ್ದ ದಿನದ ಸ್ಕ್ರೀನ್‌ಶಾಟ್ ಮಾತ್ರ ಗೆಳೆಯರಿಗೆ ಕಳಿಸಿದ್ದ, ಸೋತದ್ದನ್ನು ಯಾರಿಗೂ ಕಳಿಸಿರಲಿಲ್ಲ.

ಆಮೇಲೆ ಸಾಲುಗಳನ್ನು ಬೇರೆ ಥರ ಜೋಡಿಸಿ ನೋಡಿದ. ಅದೇ ದಿನ ಒಂದು ನಷ್ಟ ಆದಮೇಲೆ ಹಾಕಿದ ಪಂದ್ಯಗಳನ್ನು ಪ್ರತ್ಯೇಕಿಸಿದ. ಒಟ್ಟು ನಷ್ಟದ ಮುಕ್ಕಾಲು ಪಾಲು ಅಲ್ಲೇ ಇತ್ತು. ಅವುಗಳ ಗೆಲುವಿನ ಪ್ರಮಾಣ ಬೇರೆಯವುಗಳಿಗಿಂತ ತೀರಾ ಕೆಟ್ಟದಾಗಿಯೇನೂ ಇರಲಿಲ್ಲ, ಗಾತ್ರ ಮಾತ್ರ ದೊಡ್ಡದಾಗಿತ್ತು. ತನ್ನನ್ನು ಮುಳುಗಿಸಿದ್ದು ತಪ್ಪು ಊಹೆಗಿಂತ ಹೆಚ್ಚಾಗಿ ಹೋದದ್ದನ್ನು ಅಂದೇ ತರಬೇಕೆಂಬ ಹಟ ಎಂಬುದು ಅವನಿಗೆ ಅಂಕಿಯಲ್ಲಿ ಕಂಡಿತು.

ಮುಂದಿನ ಹಲವು ತಿಂಗಳು ಅವನು ಒಂದು ನೋಟ್‌ಬುಕ್ ಇಟ್ಟ. ಗುರುವಾರ ಒಂದೂವರೆಗೆ, ಎಪ್ಪತ್ತು ಅಂಶ ದೂರದ ಕಾಲ್ ಮತ್ತು ಪುಟ್‌ಗಳ ಬೆಲೆ ಬರೆಯುವುದು, ಸಂಜೆ ಅವುಗಳಿಗೆ ಸಿಕ್ಕ ಅಂತಿಮ ಬೆಲೆ ಬರೆಯುವುದು. ದುಡ್ಡು ಹಾಕುವಂತಿಲ್ಲ. ಕೆಲವು ಗುರುವಾರ ಸೊನ್ನೆ, ಒಂದೊಂದು ಗುರುವಾರ ನೂರರ ಮೇಲೆ. ಕೊನೆಗೆ ಕೂಡಿ ನೋಡಿದರೆ ಕೊಟ್ಟ ಬೆಲೆಗಳ ಮೊತ್ತಕ್ಕೂ ಸಿಕ್ಕ ಬೆಲೆಗಳ ಮೊತ್ತಕ್ಕೂ ಹೆಚ್ಚು ಅಂತರವೇ ಇರಲಿಲ್ಲ. ಖರ್ಚು ಕಳೆದರೆ ನಷ್ಟ. ಮಾವ ಕೇಳಿದ ಪ್ರಶ್ನೆಗೆ ಅವನಿಗೆ ಸಿಕ್ಕ ಉತ್ತರ ಇದು: ಬೆಲೆ ಹೆಚ್ಚೂ ಅಲ್ಲ, ಕಡಿಮೆಯೂ ಅಲ್ಲ, ಬಹುಮಟ್ಟಿಗೆ ಸರಿಯಾಗಿಯೇ ಇರುತ್ತದೆ. ಸರಿಯಾದ ಬೆಲೆ ಕೊಟ್ಟು, ಮೇಲೆ ಖರ್ಚನ್ನೂ ಕೊಟ್ಟು, ವಾರವಾರ ಕೊಳ್ಳುವವನಿಗೆ ಲಾಭ ಎಲ್ಲಿಂದ ಬರಬೇಕು? ಆಮೇಲೆ ಅವನು ಆ ವಿಭಾಗವನ್ನು ಮತ್ತೆ ತೆರೆಯಲಿಲ್ಲ. ಶಿಸ್ತು ಕಲಿತವನು ಗೆಲ್ಲುವ ಟ್ರೇಡರ್ ಆಗುತ್ತಾನೆ ಎಂದು ಇಂಥ ಕಥೆಗಳು ಸಾಮಾನ್ಯವಾಗಿ ಮುಗಿಯುತ್ತವೆ. ಇವನ ಶಿಸ್ತು ಅವನನ್ನು ಆಟದಿಂದ ಹೊರಗೆ ತಂದಿತು, ನನ್ನ ಪ್ರಕಾರ ಅದೇ ಸರಿಯಾದ ಫಲಿತಾಂಶ.

2025ರ ಜನವರಿಯಲ್ಲಿ ಹಿರಿಯೂರಿನ ವಾಣಿವಿಲಾಸ ಸಾಗರ ಕೋಡಿ ಬಿತ್ತು. 1933, 2022ರ ನಂತರ ಅದು ಮೂರನೆಯ ಸಲ. ಮನೆಯವರೆಲ್ಲ ಕೋಡಿ ನೋಡಲು ಹೋದರು, ಹುಡುಗನೂ ಜೊತೆಗಿದ್ದ. ವಾಪಸ್ ಬರುವಾಗ ಚಿತ್ರದುರ್ಗದಲ್ಲಿ ಅಪ್ಪ ಪರಿಚಯದ ಆಡಿಟರ್ ಹತ್ತಿರ ಕರೆದುಕೊಂಡು ಹೋದರು. ಅಲ್ಲಿ ಅವನಿಗೆ ಗೊತ್ತಾದ ವಿಷಯ ಬಹಳಷ್ಟು ಸಂಬಳದಾರರಿಗೆ ಗೊತ್ತಿಲ್ಲ. ಆಪ್ಷನ್ ವಹಿವಾಟನ್ನು ಆದಾಯ ತೆರಿಗೆ ಕಾನೂನು ವ್ಯಾಪಾರವೆಂದು ಪರಿಗಣಿಸುತ್ತದೆ. ಆದ್ದರಿಂದ ಸಂಬಳದವರು ಸಲ್ಲಿಸುವ ಐಟಿಆರ್-1 ಸಾಲದು, ಐಟಿಆರ್-3 ಸಲ್ಲಿಸಬೇಕು. ಆ ನಷ್ಟವನ್ನು ಸಂಬಳದ ಆದಾಯದಲ್ಲಿ ಕಳೆಯಲು ಬರುವುದಿಲ್ಲ. ಗಡುವಿನೊಳಗೆ ರಿಟರ್ನ್ ಸಲ್ಲಿಸಿದ್ದರೆ ಮಾತ್ರ ಮುಂದಿನ ಎಂಟು ವರ್ಷ ವ್ಯಾಪಾರದ ಲಾಭದ ಎದುರು ಕಳೆದುಕೊಳ್ಳಬಹುದು. ನಷ್ಟವೇ ತಾನೇ, ಯಾಕೆ ತೋರಿಸಬೇಕು ಎಂದು ಮುಚ್ಚಿಟ್ಟವರಿಗೆ ಆ ಅನುಕೂಲವೂ ಇಲ್ಲ, ಮೇಲೆ ಇಲಾಖೆಯ ನೋಟಿಸ್ ಬರುವ ಭಯ ಬೇರೆ. ವಹಿವಾಟಿನ ವಿವರ ಇಲಾಖೆಗೆ ಹೇಗೂ ಸಿಗುತ್ತದೆ.

ಈ ನಡುವೆ ಸೆಬಿ ನಿಯಮ ಬಿಗಿ ಮಾಡಿತು. 2024ರ ನವೆಂಬರ್ 20ರಿಂದ ಒಂದು ವಿನಿಮಯ ಕೇಂದ್ರಕ್ಕೆ ಒಂದೇ ಸೂಚ್ಯಂಕದ ವಾರದ ಎಕ್ಸ್‌ಪೈರಿ, ಎನ್‌ಎಸ್‌ಇಯಲ್ಲಿ ನಿಫ್ಟಿ, ಬಿಎಸ್‌ಇಯಲ್ಲಿ ಸೆನ್ಸೆಕ್ಸ್. ನಿಫ್ಟಿಯ ಲಾಟ್ 25ರಿಂದ 75ಕ್ಕೆ ಏರಿತು. 2025ರ ಸೆಪ್ಟೆಂಬರ್‌ನಿಂದ ನಿಫ್ಟಿ ಎಕ್ಸ್‌ಪೈರಿ ಮಂಗಳವಾರಕ್ಕೆ, ಸೆನ್ಸೆಕ್ಸ್ ಗುರುವಾರಕ್ಕೆ ಬಂತು. ವಾರಕ್ಕೆ ಐದು ದಿನ ಇದ್ದದ್ದು ಎರಡು ದಿನವಾಯಿತು. ಆದರೂ 2024-25ರ ಸೆಬಿ ಅಧ್ಯಯನದಲ್ಲಿ ನಷ್ಟ ಮಾಡಿಕೊಂಡವರು ಶೇ 91, ಒಟ್ಟು ನಷ್ಟ ಒಂದು ಲಕ್ಷ ಕೋಟಿ ರೂಪಾಯಿ ಮೀರಿತ್ತು.

ನಿಮ್ಮ ಮನೆಯಲ್ಲಿ ಮಂಗಳವಾರ, ಗುರುವಾರ ಮಧ್ಯಾಹ್ನ ಫೋನ್ ಕೆಳಗಿಡದ ಹುಡುಗ ಅಥವಾ ಹುಡುಗಿ ಇದ್ದರೆ ಬೈಯಬೇಡಿ, ಬೈದರೆ ಆಟ ಮುಂದುವರಿಯುತ್ತದೆ, ಬಚ್ಚಿಡುವುದು ಮಾತ್ರ ಹೆಚ್ಚುತ್ತದೆ. ಜೊತೆಗೆ ಕೂತು ಟ್ರೇಡ್‌ಬುಕ್ ತೆರೆಸಿ, ಎಷ್ಟು ಸಲ ಗೆದ್ದೆ, ಗೆದ್ದಾಗ ಎಷ್ಟು ಬಂತು, ಸೋತಾಗ ಎಷ್ಟು ಹೋಯಿತು ಎಂದು ಕೇಳಿ. ಕೂಡಿಸಿ ನೋಡಲು ಒಂದು ಸಂಜೆ ಸಾಕು. ನಷ್ಟವಾಗಿದ್ದರೆ ಆ ವಿಭಾಗವನ್ನು ಅಂದೇ ಮುಚ್ಚಿಸಿ, ಈ ವರ್ಷದ ರಿಟರ್ನ್ ಗಡುವಿನ ಮುಂಚೆ ಆಡಿಟರ್ ಹತ್ತಿರ ಕರೆದುಕೊಂಡು ಹೋಗಿ.